ಎಂಬತ್ತು ಡಾಲರ್ ಅಂದರೆ ಎಷ್ಟು ರೂಪಾಯಿ?

ವಿದೇಶಿ ಜಾಲತಾಣದಿಂದ ಏನಾದರೂ ತರಿಸುವವರು ಈಗ ಮೊದಲು ವಿಚಾರಿಸುವುದು ‘ಜೀರೋ ಫಾರೆಕ್ಸ್’ ಕಾರ್ಡಿನ ಬಗ್ಗೆ. ಕಾರ್ಡಿನ ಶುಲ್ಕ ಉಳಿದರೆ ವಿದೇಶಿ ಬೆಲೆಯಲ್ಲೇ ವಸ್ತು ಮನೆಗೆ ಬಂತೆಂಬ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಈ ಚಿಂತೆ ತಪ್ಪು ಜಾಗದಲ್ಲಿದೆ.

ಪುಣೆಯಲ್ಲಿರುವ ಒಬ್ಬರು ಅಮೆರಿಕದ ಅಂಗಡಿಯೊಂದರಿಂದ 70 ಡಾಲರಿನ ಫೌಂಟನ್ ಪೆನ್ ತರಿಸುತ್ತಾರೆ ಎಂದುಕೊಳ್ಳಿ. ಸಾಗಣೆಗೆ 10 ಡಾಲರ್. ಕಾರ್ಡಿನವರ ದರ ಡಾಲರಿಗೆ 85 ರೂಪಾಯಿ ಇದ್ದರೆ 6,800 ರೂ. ಆಯಿತು. ಬ್ಯಾಂಕಿನ ಮಾರ್ಕಪ್ ಶೇ. 3.5, ಅಂದರೆ 238 ರೂ. ಅದರ ಮೇಲೆ ಶೇ. 18 ಜಿಎಸ್‌ಟಿ, 43 ರೂ. ಕಾರ್ಡಿನ ಬಿಲ್ 7,081 ರೂ. ಇಷ್ಟೆಲ್ಲ ಚರ್ಚೆಯಾಗುವ ಶುಲ್ಕ 281 ರೂಪಾಯಿ ಮಾತ್ರ.

ಪಾರ್ಸೆಲ್ ಕಸ್ಟಮ್ಸ್ ತಲುಪಿದಾಗ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅವರು ಬ್ಯಾಂಕಿನ ದರ ನೋಡುವುದಿಲ್ಲ, ಅವರಿಗೆ ಬೇರೆಯೇ ಅಧಿಸೂಚಿತ ದರವಿದೆ. ಅದು 86 ಎಂದುಕೊಳ್ಳಿ. ಸುಂಕ ಬೀಳುವುದು ಪೆನ್ನಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆಯೂ ಸೇರಿದ ಮೊತ್ತದ ಮೇಲೆ. ಹೆಚ್ಚಿನವರು ಎಡವುವುದು ಇಲ್ಲೇ. ವಿಮೆಯ ಅಲ್ಪ ಮೊತ್ತ ಬಿಟ್ಟರೂ 80 ಡಾಲರಿಗೆ 6,880 ರೂ. ಮೂಲ ಸುಂಕ ಶೇ. 20 ಇದ್ದರೆ 1,376 ರೂ. ಆ ಸುಂಕದ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, 138 ರೂ. ಈ ಮೂರೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ ಶೇ. 18 ಎಂದರೆ 1,511 ರೂ. ಒಟ್ಟು ಸುಮಾರು 3,025. ಇಪ್ಪತ್ತು, ಎರಡು, ಹದಿನೆಂಟು ಕೂಡಿಸಿ ಶೇ. 40 ಅಂದುಕೊಂಡವರಿಗೆ ಬೀಳುವುದು ಶೇ. 44ರಷ್ಟು, ಏಕೆಂದರೆ ಇಲ್ಲಿ ತೆರಿಗೆಯ ಮೇಲೂ ತೆರಿಗೆಯಿದೆ.

ಸುಂಕವನ್ನು ತಾನೇ ಮೊದಲು ಕಟ್ಟಿ ಆಮೇಲೆ ವಸೂಲು ಮಾಡುವ ಖಾಸಗಿ ಕೊರಿಯರ್ ತನ್ನ ಕೆಲಸಕ್ಕೆ 500 ರೂ. ಮತ್ತು ಅದರ ಜಿಎಸ್‌ಟಿ ಕೇಳಿದರೆ ಇನ್ನೊಂದು 590. ಪೆನ್ ಕೈಸೇರುವ ಹೊತ್ತಿಗೆ 10,696 ರೂ. ಜೀರೋ ಫಾರೆಕ್ಸ್ ಕಾರ್ಡ್ ಇದ್ದಿದ್ದರೆ 10,415. ಬಂದ ವ್ಯತ್ಯಾಸ ಅಷ್ಟೇ.

ಮೂಲ ಸುಂಕ, ಐಜಿಎಸ್‌ಟಿ ದರಗಳು ವಸ್ತುವಿನ ವರ್ಗಕ್ಕೆ ತಕ್ಕಂತೆ ಬೇರೆ; ಕಾಲಕಾಲಕ್ಕೆ ಬದಲಾಗುತ್ತವೆ. ಇಲ್ಲಿನವು ಉದಾಹರಣೆಗೆ ಹಿಡಿದವು, ಲೆಕ್ಕದ ಕ್ರಮ ಮಾತ್ರ ಇದೇ. ‘ಗಿಫ್ಟ್’ ಎಂದು ಬರೆಸಿದರೆ ಸುಂಕವಿಲ್ಲ ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. 5,000 ರೂಪಾಯಿವರೆಗಿನ ಆ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ರಾಖಿ, ಜೀವರಕ್ಷಕ ಔಷಧಿಗಳಂಥವಕ್ಕೆ ಮಾತ್ರ ಉಳಿಯಿತು.

ಹಾಗಾಗಿ ಹಣ ಕಟ್ಟುವ ಮುನ್ನ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಬೆಲೆಯಲ್ಲಿ ಸುಂಕ ಸೇರಿದೆಯೇ? ಸೇರಿಲ್ಲವೆಂದರೆ 10,700 ರೂಪಾಯಿಯನ್ನು ಊರಿನ ಅಂಗಡಿಯ ಬೆಲೆಯೊಂದಿಗೆ ಹೋಲಿಸಬೇಕು, 6,800ನ್ನಲ್ಲ.