ಲಾಂಛನದಲ್ಲಿ…

ಹೋದ ವಾರ ಮುದ್ದೇಬಿಹಾಳದ ಮೂವರು ಹುಡುಗರು ಒಂದು ಪೋಸ್ಟರ್ ಸುತ್ತಿಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಸಿನಿಮಾ ಮಾಡುತ್ತಾರಂತೆ. ಕಥೆ ಇನ್ನೂ ಅರ್ಧ, ಸಂಸ್ಥೆಯ ಹೆಸರು ಮಾತ್ರ ತಯಾರು: 'ಶ್ರೀ ಯಲಗೂರೇಶ್ವರ ಸಿನಿ ಕ್ರಿಯೇಷನ್ಸ್'. ಕೃಷ್ಣೆಯ ದಂಡೆಯ ಯಲಗೂರಪ್ಪ ಒಬ್ಬನ ಮನೆದೇವರು.

ಭಕ್ತಿಗೆ ನಮ್ಮ ತಕರಾರಿಲ್ಲ. ತಕರಾರು ಅಕ್ಷರಕ್ಕೆ. ಪೋಸ್ಟರಿನ ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಈ ಹೆಸರನ್ನು ಎರಡು ಸಾಲು ಮಾಡಿ ಕೂರಿಸಿದ್ದರು. ಮೇಲಿನ ಸಾಲಿನ 'ಶ್ರೀ', 'ಶ್ವ'ಗಳ ಒತ್ತು ಕೆಳಗಿಳಿದು 'ಸಿನಿ ಕ್ರಿಯೇಷನ್ಸ್'ನ ಗುಡಿಸುಗಳಿಗೆ ತಾಗಿತ್ತು. ಕೊನೆಯ 'ನ್ಸ್' ಮಸಿಯ ಕಲೆಯಂತೆ ಕಾಣುತ್ತಿತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ನಮ್ಮ ಅಕ್ಷರ ಹಾಗಲ್ಲ, ಒತ್ತಿಗೆ ಕೆಳಗೆ ಜಾಗ ಬೇಕು, ಗುಡಿಸಿಗೆ ಮೇಲೆ. ಟಾಕೀಸಿನ ಪರದೆಯ ಮೇಲೆ ಇದು ನಡೆದೀತು. ಮೊಬೈಲಿನಲ್ಲಿ ನಡೆಯುವುದಿಲ್ಲ. ಇಂದು ಹೆಸರನ್ನು ಹೆಚ್ಚು ಜನ ಮೊದಲು ನೋಡುವುದು ಮೊಬೈಲಿನಲ್ಲೇ.

ಬ್ಯಾನರ್ ಎಂಬುದಕ್ಕೆ ನಮ್ಮ ಚಿತ್ರರಂಗ ಮೊದಲಿನಿಂದ ಬಳಸಿದ ಮಾತು 'ಲಾಂಛನ'. ಇಂಥವರ ಲಾಂಛನದಲ್ಲಿ ತಯಾರಾದ ಚಿತ್ರ ಎಂದೇ ಪತ್ರಿಕೆಗಳು ಬರೆದವು. ಅಂದರೆ ಕನ್ನಡದಲ್ಲಿ ಹೆಸರೂ ಗುರುತೂ ಹುಟ್ಟಿನಿಂದಲೇ ಒಂದು. ಹೆಸರು ಇಟ್ಟಾದ ಮೇಲೆ ಲೋಗೊ ಹುಡುಕುವವರು ಇದನ್ನು ಮರೆಯುತ್ತಾರೆ.

ದೇವರ ಹೆಸರಿನಿಂದಲೇ ಎರಡನ್ನೂ ಸಾಧಿಸಿದವರಿದ್ದಾರೆ. ಡಾ. ರಾಜ್‌ಕುಮಾರ್ ಕುಟುಂಬದ 'ವಜ್ರೇಶ್ವರಿ' ದೇವಿಯ ಪೂರ್ತಿ ಹೆಸರನ್ನೇ ಉಳಿಸಿಕೊಂಡಿತು. ಆ ಕಾಲದ ಪ್ರೇಕ್ಷಕ ಅದನ್ನು ದೊಡ್ಡ ಪರದೆಯ ಮೇಲೂ ಗೋಡೆಯ ಪೋಸ್ಟರಿನಲ್ಲೂ ನೋಡುತ್ತಿದ್ದ, ಅಷ್ಟು ಸಾಕಿತ್ತು. 2014ರಲ್ಲಿ 'ನಿನ್ನಿಂದಲೇ' ಚಿತ್ರದೊಂದಿಗೆ ಬಂದ 'ಹೊಂಬಾಳೆ' ಬೇರೆ ದಾರಿ ಹಿಡಿಯಿತು. ಮೂಲ, ನಿರ್ಮಾಪಕರ ಮನೆದೇವರು ಹೊಂಬಾಳಮ್ಮ. 'ಅಮ್ಮ'ನನ್ನು ಮನೆಯಲ್ಲೇ ಬಿಟ್ಟು ಬಂದಾಗ ಉಳಿದದ್ದು ಮೂರೇ ಅಕ್ಷರ, ಒಂದೂ ಒತ್ತಿಲ್ಲ. ಮೇಲಾಗಿ ಹೊಂಬಾಳೆ ಎಂದರೆ ಅಡಿಕೆಯ ಹೂಗೊಂಚಲು. ಕಣ್ಣಿಗೆ ಕಟ್ಟುವ ವಸ್ತು. ದೇವರನ್ನು ಅರಿಯದವನಿಗೂ ಹೆಸರಿನಲ್ಲಿ ಒಂದು ಚಿತ್ರ ಸಿಗುತ್ತದೆ. ಕೊರತೆ ಒಂದಿದೆ. Hombale ಎಂದು ಬರೆದಾಗ ಹೊರಗಿನವರ ಬಾಯಲ್ಲಿ ದೀರ್ಘವೂ ಹೋಗುತ್ತದೆ, ಳಕಾರವೂ ಹೋಗುತ್ತದೆ. 'ಕೆಜಿಎಫ್' ದೇಶ ಸುತ್ತಿದ ಮೇಲೆ ಆ ತಪ್ಪು ಉಚ್ಚಾರಕ್ಕೇ ನಾವೂ ಒಗ್ಗಿಕೊಂಡೆವು.

ಹುಡುಗರಿಗೆ ಇದನ್ನೇ ಹೇಳಿದೆವು: 'ಶ್ರೀ' ತೆಗೆಯಿರಿ, 'ಈಶ್ವರ' ತೆಗೆಯಿರಿ, 'ಸಿನಿ ಕ್ರಿಯೇಷನ್ಸ್' ಬದಲು 'ಚಿತ್ರ' ಸಾಕು. ದ್ವಾರಕೀಶ್ ಅವರ ಬ್ಯಾನರ್ 'ದ್ವಾರಕೀಶ್ ಚಿತ್ರ'ವೇ ಅಲ್ಲವೆ? 'ಯಲಗೂರ ಚಿತ್ರ' ಎಂದು ಬರೆದು ನೋಡಿದಾಗ ಉಳಿದದ್ದು 'ತ್ರ' ಒಂದೇ ಒತ್ತು. Yalagur ಎಂದು ಬರೆದರೂ ಹೊರಗಿನವರ ನಾಲಿಗೆ ಹೆಚ್ಚು ತೊಡರುವುದಿಲ್ಲ. ಲೋಗೊಕ್ಕೆ ಒಂದೇ ಅಕ್ಷರ ಬೇಕಾದರೆ 'ಯ' ಇದೆ. 'ಶ್ರೀ'ಯಿಂದ ಶುರುವಾದ ಹೆಸರಿಗೆ ಆ ಸೌಕರ್ಯ ಇಲ್ಲ, ಅದು ಊರಿನ ಅರ್ಧ ಅಂಗಡಿಗಳ ಮೊದಲಕ್ಷರ.

"ದೇವರ ಹೆಸರ ಅರ್ಧಾ ಮಾಡಿದ್ರ ನಮ್ಮವ್ವ ಬೈತಾಳ್ರೀ ಸರ" ಅಂದ ಒಬ್ಬ. ಅದಕ್ಕೆ ನಮ್ಮಲ್ಲಿ ಉತ್ತರ ಇಲ್ಲ. ಅರ್ಪಣೆಯ ಕಾರ್ಡಿನಲ್ಲಿ ದೇವರ ಪೂರ್ತಿ ಹೆಸರು, ಫೋಟೊ ಎರಡೂ ಹಾಕಬಹುದು ಎಂದೆವು. ಅಲ್ಲಿ ಜಾಗಕ್ಕೆ ಕೊರತೆ ಇಲ್ಲ.

ಕಾನೂನಿನ ತೊಡಕೂ ಒಂದಿದೆ. ಪವಿತ್ರ ಗ್ರಂಥದ ಹೆಸರನ್ನು ಒಬ್ಬರೇ ಟ್ರೇಡ್‌ಮಾರ್ಕ್ ಆಗಿ ಹಿಡಿದಿಡಲಾಗದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ 'ರಾಮಾಯಣ' ಪ್ರಕರಣದಲ್ಲಿ ಹೇಳಿತು. ದೇವರ ಹೆಸರನ್ನೂ ಊರಿನ ಹೆಸರನ್ನೂ ಬರೀ ಪದವಾಗಿ ಕಾಯ್ದುಕೊಳ್ಳುವುದು ಕಷ್ಟವೇ. ಹಾಗಾಗಿ 'ಯಲಗೂರ'ಕ್ಕೂ ಪೂರ್ತಿ ಭದ್ರತೆ ಇಲ್ಲ. ಅಕ್ಷರವನ್ನು ತಮ್ಮದೇ ವಿನ್ಯಾಸದಲ್ಲಿ ಬರೆಸಿ, ಆ ಗುರುತನ್ನೇ ಮನರಂಜನೆಯ 41ನೇ ವರ್ಗದಲ್ಲಿ ನೋಂದಾಯಿಸುವುದು ಹೆಚ್ಚು ಗಟ್ಟಿ.

ಹೆಸರು ಹುಡುಕುತ್ತಿರುವ ಉಳಿದವರಿಗೂ ಒಂದು ಮಾತು. ಲೋಗೊ ಬರೆಯುವವರಿಗೆ ಮುಂಗಡ ಕೊಡುವ ಮೊದಲು ಹೆಸರನ್ನು ಕಪ್ಪು ಮಸಿಯಲ್ಲಿ ಉಗುರಿನಷ್ಟು ಬರೆದು ತೋಳಿನ ದೂರದಲ್ಲಿ ಹಿಡಿದು ನೋಡಿ. ಮುಂದೆ 'ಲಾಂಛನದಲ್ಲಿ' ಸೇರಿಸಿ ಜೋರಾಗಿ ಓದಿ. ಆಮೇಲೆ ಅದೇ ಹೆಸರು ಬೇರೆಯವರ ಪಾಲಾಗಿದೆಯೇ ಎಂದು ಬೆಂಗಳೂರಿನ ಫಿಲಂ ಚೇಂಬರಿನಲ್ಲೂ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲೂ ವಿಚಾರಿಸಿ. ಜಾಲತಾಣದ ಹುಡುಕಾಟಕ್ಕೆ ದುಡ್ಡಿಲ್ಲ.