ಸರ್ಕಾರ ಮಾಡಿದ ತಡಕ್ಕೆ ರೈತ ಏಕೆ ತೆರಿಗೆ ಕಟ್ಟಬೇಕು?

ರಸ್ತೆ ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರಿಗೆ, ಮನೆಯ ದುಡಿಯುವ ಜೀವವನ್ನೇ ಕಳೆದುಕೊಂಡವರಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕೊಡಿಸುವ ಬಡ್ಡಿಗೆ ಇನ್ನು ಆದಾಯ ತೆರಿಗೆ ಇಲ್ಲ, ಟಿಡಿಎಸ್ ಕಡಿತವೂ ಇಲ್ಲ ಎಂದು 2026ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್‌ನಲ್ಲಿ ಘೋಷಿಸಿದರು. ತಡವಾಗಿಯಾದರೂ ಬಂದ ಒಳ್ಳೆಯ ತೀರ್ಮಾನ. ಪರಿಹಾರ ಅರ್ಜಿ ಹಾಕಿದ ದಿನದಿಂದ ತೀರ್ಪಿನ ದಿನದವರೆಗಿನ ಬಡ್ಡಿ ಪರಿಹಾರದ್ದೇ ಭಾಗ, ಅದು ಆದಾಯವಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲೇ ಹೇಳಿತ್ತು.

ಈ ನ್ಯಾಯ ಅಪಘಾತಕ್ಕೆ ಸಲ್ಲುವುದಾದರೆ ಭೂಸ್ವಾಧೀನಕ್ಕೇಕೆ ಸಲ್ಲಬಾರದು? ಅಣೆಕಟ್ಟೆಗೆ, ಕಾಲುವೆಗೆ, ಕೈಗಾರಿಕಾ ಪ್ರದೇಶಕ್ಕೆ ಜಮೀನು ಬಿಟ್ಟುಕೊಟ್ಟು, ಬರಬೇಕಾದ ದರಕ್ಕಾಗಿ ಹತ್ತು ಹದಿನೈದು ವರ್ಷ ಕೋರ್ಟು ಅಲೆದ ರೈತನಿಗೆ ಸಿಗುವ ಬಡ್ಡಿ ಇಂದಿಗೂ ‘ಇತರ ಮೂಲಗಳ ಆದಾಯ’ ಎಂಬ ತಲೆಬರಹದಡಿ ತೆರಿಗೆಗೆ ಒಳಗಾಗುತ್ತಿದೆ. ಇದು ಅನ್ಯಾಯ.

ಆ ಬಡ್ಡಿ ಹುಟ್ಟುವುದು ಹೀಗೆ. 1894ರ ಭೂಸ್ವಾಧೀನ ಕಾಯ್ದೆಯಡಿ ವಿಶೇಷ ಭೂಸ್ವಾಧೀನಾಧಿಕಾರಿ ಒಂದು ದರ ಕಟ್ಟಿ ಐತೀರ್ಪು ಕೊಡುತ್ತಾರೆ. ದರ ಕಡಿಮೆಯಾಯಿತು ಎಂದು ರೈತ ಕಲಂ 18ರಡಿ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತಾನೆ. ನ್ಯಾಯಾಲಯ ದರ ಏರಿಸಿದರೆ, ಏರಿದ ಮೊತ್ತದ ಮೇಲೆ ಜಮೀನು ಸ್ವಾಧೀನಕ್ಕೆ ಹೋದ ದಿನದಿಂದ ಮೊದಲ ವರ್ಷಕ್ಕೆ ಶೇ 9, ಆಮೇಲೆ ಹಣ ಕೋರ್ಟಿಗೆ ಜಮೆಯಾಗುವವರೆಗೆ ಶೇ 15 ಬಡ್ಡಿ ಕೊಡಿಸಬಹುದು. ಇದು ಕಲಂ 28ರ ಬಡ್ಡಿ. ಚಕ್ರಬಡ್ಡಿಯಲ್ಲ, ಸರಳ ಬಡ್ಡಿ. ಆ ಕಾಯ್ದೆ ರದ್ದಾಗಿ 2014ರ ಜನವರಿಯಿಂದ ಹೊಸದು ಬಂದಿದೆ ನಿಜ. ಆದರೆ ಹಳೆಯ ಕಾಯ್ದೆಯಡಿ ಜಮೀನು ಕಳೆದುಕೊಂಡವರ ಪ್ರಕರಣಗಳು ಕೃಷ್ಣಾ ಮೇಲ್ದಂಡೆ ಯೋಜನೆಯ ಸೀಮೆಯಲ್ಲಿ ಇನ್ನೂ ಮುಗಿದಿಲ್ಲ. ತೀರ್ಪು ಬಂದರೂ ಹಣ ಬರುವುದಿಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು, ಉಪವಿಭಾಗಾಧಿಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿಯಾಗುವವರೆಗೂ ಕೆಲವೊಮ್ಮೆ ಕಾಯಬೇಕು.

ಒಂದು ಲೆಕ್ಕ ನೋಡೋಣ. ಬಾಗಲಕೋಟೆ ಜಿಲ್ಲೆಯ ಒಬ್ಬ ರೈತನ ಜಮೀನು 2010ರಲ್ಲಿ ಮುಳುಗಡೆಗೆ ಹೋಯಿತು ಎಂದುಕೊಳ್ಳಿ. ಅಧಿಕಾರಿ ಕೊಟ್ಟದ್ದಕ್ಕಿಂತ 20 ಲಕ್ಷ ರೂಪಾಯಿ ಹೆಚ್ಚು ಕೊಡಬೇಕೆಂದು ನ್ಯಾಯಾಲಯ ಹೇಳಿತು. ಹಣ ಜಮೆಯಾದದ್ದು ಹದಿನೈದು ವರ್ಷದ ಮೇಲೆ, 2025ರಲ್ಲಿ. ಮೊದಲ ವರ್ಷದ ಬಡ್ಡಿ 1.80 ಲಕ್ಷ, ಉಳಿದ ಹದಿನಾಲ್ಕು ವರ್ಷಕ್ಕೆ ತಲಾ 3 ಲಕ್ಷದಂತೆ 42 ಲಕ್ಷ, ಒಟ್ಟು 43.80 ಲಕ್ಷ. ಅಸಲಿಗಿಂತ ಬಡ್ಡಿಯೇ ಎರಡು ಪಟ್ಟು ಮೀರಿತು. ಅದು ಹಾಗೆ ಬೆಳೆದದ್ದು ಕೊಡಬೇಕಾದವರು ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ.

ಕೋರ್ಟಿಗೆ ಹಣ ಕಟ್ಟುವಾಗಲೇ ಬಡ್ಡಿಯಿಂದ ಶೇ 10, ಅಂದರೆ 4.38 ಲಕ್ಷ ಟಿಡಿಎಸ್ ಎಂದು ಹೋಗುತ್ತದೆ. ರೈತನ ಪ್ಯಾನ್ ಕಡತದಲ್ಲಿ ಇಲ್ಲದಿದ್ದರೆ ಕಡಿತ ಶೇ 20. ಇನ್ನು ತೆರಿಗೆ ಲೆಕ್ಕ: ಇಂಥ ಬಡ್ಡಿಯಲ್ಲಿ ಅರ್ಧವನ್ನು ಕಾನೂನು ಬಿಟ್ಟುಕೊಡುತ್ತದೆ, ಉಳಿದ 21.90 ಲಕ್ಷ ಆ ಒಂದೇ ವರ್ಷದ ಆದಾಯವಾಗುತ್ತದೆ. ಬೇರೆ ವರಮಾನವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 2025–26ರ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ 2,57,400 ರೂಪಾಯಿ ತೆರಿಗೆ. ಹೆಚ್ಚಾಗಿ ಕಡಿತವಾದದ್ದು ವಾಪಸು ಬೇಕೆಂದರೆ, ಜೀವಮಾನದಲ್ಲಿ ರಿಟರ್ನ್ಸ್ ಸಲ್ಲಿಸದ ಮನುಷ್ಯ ತಾಲ್ಲೂಕು ಕೇಂದ್ರದಲ್ಲಿ ಲೆಕ್ಕಿಗರನ್ನು ಹುಡುಕಬೇಕು.

ಅದೇ ಬಡ್ಡಿ ಆಯಾ ವರ್ಷಕ್ಕೆ ಬಂದಿದ್ದರೆ? ವರ್ಷಕ್ಕೆ 3 ಲಕ್ಷ, ಅದರಲ್ಲಿ ಅರ್ಧ ಬಿಟ್ಟು ಒಂದೂವರೆ ಲಕ್ಷ. ಆ ಹದಿನೈದು ವರ್ಷಗಳಲ್ಲಿ ಒಂದೇ ಒಂದು ವರ್ಷವೂ ಅದು ತೆರಿಗೆ ವಿನಾಯಿತಿಯ ಮಿತಿಯನ್ನು ದಾಟುತ್ತಿರಲಿಲ್ಲ. 2010–11ರಲ್ಲೇ ಆ ಮಿತಿ 1.60 ಲಕ್ಷ ಇತ್ತು. ಅಂದರೆ ಆ ಎರಡೂವರೆ ಲಕ್ಷ ರೈತನ ಗಳಿಕೆಯ ಮೇಲಿನ ತೆರಿಗೆಯಲ್ಲ, ಸರ್ಕಾರದ ವಿಳಂಬದ ಮೇಲಿನ ತೆರಿಗೆ. ಅದನ್ನು ಕಟ್ಟುತ್ತಿರುವವನು ಮಾತ್ರ ವಿಳಂಬದಿಂದ ನೊಂದವನು.

ಹೀಗಾದದ್ದು ಹೇಗೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಬಡ್ಡಿಯನ್ನು ವರ್ಷವರ್ಷಕ್ಕೆ ಹಂಚಿ ತೆರಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತ್ತು. ಹಳೆಯ ವರ್ಷಗಳ ಲೆಕ್ಕ ಮತ್ತೆ ತೆರೆಯುವ ತಾಪತ್ರಯ ತಪ್ಪಿಸಲೆಂದು 2009ರಲ್ಲಿ ತಿದ್ದುಪಡಿ ತಂದು, ಹಣ ಕೈಗೆ ಬಂದ ವರ್ಷದ ಆದಾಯವೆಂದೇ ಗಣಿಸಬೇಕೆಂದರು, ಅರ್ಧ ವಿನಾಯಿತಿಯನ್ನೂ ಕೊಟ್ಟರು. ಉದ್ದೇಶ ಕೆಟ್ಟದ್ದಲ್ಲ. ಆದರೆ ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ತೀರ್ಪು ಕೊಟ್ಟಿತು: ಕಲಂ 28ರ ಬಡ್ಡಿ ಜಮೀನಿನ ಮೌಲ್ಯಕ್ಕೇ ಸೇರಿದ್ದು, ಪರಿಹಾರದ ಅಂಗ, ಪಾವತಿ ತಡವಾದದ್ದಕ್ಕೆ ಕೊಡುವ ಕಲಂ 34ರ ಬಡ್ಡಿ ಮಾತ್ರ ಬಡ್ಡಿ. ತಿದ್ದುಪಡಿಯ ನಂತರ ಈ ತೀರ್ಪು ಉಳಿಯಿತೇ ಇಲ್ಲವೇ ಎಂಬುದರಲ್ಲಿ ಹೈಕೋರ್ಟ್‌ಗಳೇ ಬೇರೆ ಬೇರೆ ದಿಕ್ಕು ಹಿಡಿದಿವೆ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2014ರಲ್ಲಿ ತೆರಿಗೆ ಇದೆ ಎಂದಿತು. ಗುಜರಾತ್ 2016ರಲ್ಲಿ, ದೆಹಲಿ 2024ರಲ್ಲಿ ಇಲ್ಲವೆಂದವು. ಒಂದೇ ಕೇಂದ್ರ ಕಾಯ್ದೆ, ಒಂದೇ ಬಗೆಯ ಜಮೀನು. ಯಾವ ರಾಜ್ಯದವನು ಎನ್ನುವುದರ ಮೇಲೆ ರೈತನ ತೆರಿಗೆ ನಿಂತಿದೆ.

ಬ್ಯಾಂಕಿನ ಠೇವಣಿಯ ಬಡ್ಡಿಗೆ ತೆರಿಗೆ ಇಲ್ಲವೇ, ಇದಕ್ಕೇಕೆ ಬೇಡ ಎಂದು ಕೇಳುವವರಿದ್ದಾರೆ. ಠೇವಣಿ ಇಡುವವನು ತಾನೇ ಮನಸ್ಸು ಮಾಡಿ ಇಡುತ್ತಾನೆ, ಬೇಕೆಂದಾಗ ತೆಗೆಯುತ್ತಾನೆ. ಮುಳುಗಡೆಯ ರೈತ ಸರ್ಕಾರಕ್ಕೆ ಸಾಲ ಕೊಟ್ಟವನಲ್ಲ. ಅವನಿಗೆ ಸಿಗುವ ದರ ಅಧಿಸೂಚನೆಯ ದಿನದ್ದು. ಹದಿನೈದು ವರ್ಷದ ಮೇಲೆ ಆ ಹಣಕ್ಕೆ ಪಕ್ಕದ ಊರಿನಲ್ಲಿ ಅರ್ಧದಷ್ಟು ಜಮೀನೂ ಸಿಗುವುದು ಕಷ್ಟ. ಆ ಕೊರತೆ ತುಂಬಲೆಂದೇ ಬಡ್ಡಿ ಇರುವುದು. ಇನ್ನೊಂದು ಮಾತು: ಹಳ್ಳಿಯ ಕೃಷಿ ಜಮೀನು ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಬಂಡವಾಳ ಆಸ್ತಿಯೇ ಅಲ್ಲ, ಅದರ ಬೆಲೆಗೆ ತೆರಿಗೆ ಇಲ್ಲ. ಬೆಲೆಯನ್ನು ಸಕಾಲಕ್ಕೆ ಪೂರ್ತಿ ಕೊಟ್ಟಿದ್ದರೆ ತೆರಿಗೆಯ ಮಾತೇ ಬರುತ್ತಿರಲಿಲ್ಲ.

ಸರ್ಕಾರಿ ನೌಕರನಿಗೆ ಹಲವು ವರ್ಷಗಳ ವೇತನ ಬಾಕಿ ಒಟ್ಟಿಗೆ ಬಂದರೆ, ಅದನ್ನು ಆಯಾ ವರ್ಷಕ್ಕೆ ಹಂಚಿ ತೆರಿಗೆ ಹೊರೆ ಇಳಿಸಿಕೊಳ್ಳಲು ಹಳೆಯ ಕಾಯ್ದೆಯ ಕಲಂ 89 ದಾರಿ ಕೊಟ್ಟಿತ್ತು. ಫಾರಂ 10ಇ ಸಲ್ಲಿಸಿದರೆ ಸಾಕಿತ್ತು. ಐತೀರ್ಪು ಬರೆದ ಅಧಿಕಾರಿಗೆ ಇದ್ದ ಈ ಸೌಲಭ್ಯ ಆ ಐತೀರ್ಪಿನಿಂದ ಜಮೀನು ಕಳೆದುಕೊಂಡವನಿಗೆ ಇರಲಿಲ್ಲ.

2013ರ ಭೂಸ್ವಾಧೀನ ಕಾಯ್ದೆಯ ಕಲಂ 96 ಐತೀರ್ಪಿಗೆ ಆದಾಯ ತೆರಿಗೆ ಇಲ್ಲವೆನ್ನುತ್ತದೆ. ಆದರೆ ಕೆಐಎಡಿಬಿ ಜಮೀನು ತೆಗೆದುಕೊಳ್ಳುವುದು 1966ರ ರಾಜ್ಯ ಕಾಯ್ದೆಯಡಿ. ಹಾಗಾಗಿ ಕಲಂ 96ರ ರಕ್ಷಣೆಯನ್ನು ಅಲ್ಲಿನ ರೈತ ತನ್ನದೆಂದು ನಂಬಿಕೊಂಡು ಕೂರುವಂತಿಲ್ಲ.

ಆದ್ದರಿಂದ ಕೇಂದ್ರ ಮಾಡಬೇಕಾದದ್ದು ಸ್ಪಷ್ಟವಿದೆ. ಅಪಘಾತದ ಬಡ್ಡಿಗೆ ಕೊಟ್ಟ ವಿನಾಯಿತಿಯನ್ನು, ಯಾವ ಕಾಯ್ದೆಯಡಿ ಸ್ವಾಧೀನವಾದರೂ ಸರಿ, ಕೃಷಿ ಜಮೀನಿನ ಪರಿಹಾರದ ಬಡ್ಡಿಗೂ ಕೊಡಬೇಕು. ಅಷ್ಟು ಆಗುವುದಿಲ್ಲವೆಂದರೆ ನೌಕರನಿಗೆ ಸಿಗುವ ಹಂಚಿಕೆಯ ಸೌಲಭ್ಯವನ್ನಾದರೂ ರೈತನಿಗೆ ಕೊಡಬೇಕು. ರಾಜ್ಯ ಸರ್ಕಾರ ದೆಹಲಿಯತ್ತ ಕೈತೋರಿಸಿ ಸುಮ್ಮನಿರುವಂತಿಲ್ಲ. ಕೋರ್ಟಿಗೆ ಹಣ ಕಟ್ಟುವಾಗ ಭೂಸ್ವಾಧೀನಾಧಿಕಾರಿಗಳು ಸಲ್ಲಿಸುವ ಲೆಕ್ಕಪಟ್ಟಿಯಲ್ಲಿ ಕಲಂ 28ರ ಬಡ್ಡಿ ಎಷ್ಟು, ಕಲಂ 34ರದ್ದು ಎಷ್ಟು ಎಂದು ಬೇರೆ ಬೇರೆ ಕಾಲಂನಲ್ಲಿ ಬರೆಯಬೇಕು, ಪ್ರತಿಯನ್ನು ಟಿಡಿಎಸ್ ಪ್ರಮಾಣಪತ್ರದ ಜೊತೆ ರೈತನ ಕೈಗೆ ಕೊಡಬೇಕು. ಇದಕ್ಕೆ ಯಾವ ತಿದ್ದುಪಡಿಯೂ ಬೇಡ, ಒಂದು ಸುತ್ತೋಲೆ ಸಾಕು. ಆ ಎರಡು ಕಾಲಂ ಇಲ್ಲದೆ ಹೋದರೆ, 2009ರ ತೀರ್ಪು ಹಿಡಿದು ಮೇಲ್ಮನವಿಗೆ ಹೋಗುವ ರೈತ ತನ್ನ ಬಡ್ಡಿ ಯಾವ ಬಗೆಯದ್ದೆಂದು ತೋರಿಸಲು ಮತ್ತೆ ಅದೇ ಕಚೇರಿಗೆ ಅಲೆಯಬೇಕಾಗುತ್ತದೆ.