ಐಚ್ಛಿಕವನ್ನು ಕಡ್ಡಾಯವಾಗಿಸುವ ಹಕ್ಕು ನಮಗಿಲ್ಲ

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಪ್ರಸ್ತಾಪ ಬಂದಾಗ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. "ಸರಕಾರದ ಸಂಬಳ ಪಡೆಯುತ್ತಿದ್ದರು, ಕರ್ತವ್ಯ ಮಾಡಿದರು" ಎಂಬುದು ಒಂದು. "ಅಧಿಕಾರಿಯೆಂದರೆ ಹಾಗಿರಬೇಕು, ಉಳಿದವರೆಲ್ಲ ಹೇಡಿಗಳು" ಎಂಬುದು ಇನ್ನೊಂದು. ಮೊದಲನೆಯದು ಅವರನ್ನು ಕುಗ್ಗಿಸುತ್ತದೆ, ಎರಡನೆಯದು ಹೊಗಳುತ್ತದೆ. ಆದರೆ ಎರಡರ ತಪ್ಪೂ ಒಂದೇ. ಅವರು ಮಾಡಿದ್ದನ್ನು ಮಾಡಲೇಬೇಕಾಗಿತ್ತು ಎಂದು ಇಬ್ಬರೂ ಭಾವಿಸಿದ್ದಾರೆ.

ನಡೆದದ್ದೇನೆಂದು ನೋಡೋಣ. ಆಗ ಕೊಳ್ಳೇಗಾಲ ತಾಲೂಕಿನಲ್ಲಿದ್ದು ಈಗ ಹನೂರು ತಾಲೂಕಿಗೆ ಸೇರಿರುವ ಗೋಪಿನಾಥಂ, ವೀರಪ್ಪನ್‌ನ ಹುಟ್ಟೂರು. ಶ್ರೀನಿವಾಸ್ ಅವನನ್ನು ಬಂದೂಕಿನಿಂದಷ್ಟೇ ಹಿಡಿಯಲು ಹೋಗಲಿಲ್ಲ. ಆ ಊರಿನಲ್ಲೇ ನೆಲೆಸಿದರು. ಜನರಿಗೆ ಔಷಧ ಸಿಗುವಂತೆ ಮಾಡಿದರು, ಅವರ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟರು, ಕಾಡುಗಳ್ಳತನದ ದಾರಿ ಹಿಡಿದವರನ್ನು ಮಾತಿನಿಂದ ಹಿಂದಕ್ಕೆ ಕರೆತರಲು ಯತ್ನಿಸಿದರು. ಕೊನೆಗೆ, ವೀರಪ್ಪನ್ ಶರಣಾಗುತ್ತಾನೆ ಎಂಬ ಮಾತನ್ನು ನಂಬಿ ಶಸ್ತ್ರವಿಲ್ಲದೆ ಕಾಡಿಗೆ ಹೋದರು. 1991ರ ನವೆಂಬರ್ 10ರಂದು ಅವರ ಹತ್ಯೆಯಾಯಿತು. ಮರಣೋತ್ತರವಾಗಿ ಅವರಿಗೆ ಕೀರ್ತಿ ಚಕ್ರ ಸಂದಿತು.

ಇದರಲ್ಲಿ ಸಂಬಳಕ್ಕೆ ಸೇರಿದ್ದು ಯಾವುದು? ಕಾಡನ್ನು ಕಾಯುವುದು, ಅಪರಾಧಿಯನ್ನು ಹುಡುಕುವುದು, ಕಾನೂನು ಕೊಟ್ಟ ಬಲದೊಂದಿಗೆ ಅವನನ್ನು ಬಂಧಿಸುವುದು. ಇಷ್ಟನ್ನು ಕೈಬಿಟ್ಟಿದ್ದರೆ ಅವರು ತಪ್ಪಿತಸ್ಥರಾಗುತ್ತಿದ್ದರು. ಶಸ್ತ್ರವಿಲ್ಲದೆ ಹೋಗಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಹೋಗದೆ ಉಳಿದಿದ್ದರೆ ಅವರ ಮೇಲೆ ಯಾರೂ ಬೆರಳು ತೋರಿಸಲಾಗುತ್ತಿರಲಿಲ್ಲ. ನಮ್ಮ ಫಿಕ್ಹ್ ಗ್ರಂಥಗಳ ಮಾತು ಇಲ್ಲಿ ಸಹಾಯಕ್ಕೆ ಬರುತ್ತದೆ. ಕೆಡುಕನ್ನು ತಡೆಯುವುದು ಕರ್ತವ್ಯವೇ ಆದರೂ ಪ್ರಾಣಭಯವಿರುವಲ್ಲಿ ಆ ಕಡ್ಡಾಯ ಕಳಚಿ ಬೀಳುತ್ತದೆ. ಹಾಗಿದ್ದೂ ಒಳಿತಾಗುವ ನಿರೀಕ್ಷೆಯಿಂದ ಒಬ್ಬನು ಮುಂದೆ ಹೋದರೆ ಅದು ಶ್ಲಾಘನೀಯ. ಯಾವ ಫಲವೂ ಇಲ್ಲವೆಂದು ತಿಳಿದೂ ಸಾವಿಗೆ ಎದೆಯೊಡ್ಡುವುದನ್ನು ವಿದ್ವಾಂಸರು ಮೆಚ್ಚಿಲ್ಲ. ಶ್ರೀನಿವಾಸ್ ಅವರಿಗೆ ನಿರೀಕ್ಷೆಯಿತ್ತು. ಆ ನಿರೀಕ್ಷೆ ಸುಳ್ಳಾಯಿತೆಂಬುದರಿಂದ ಅವರ ನಡೆ ಹುಂಬತನವಾಗುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಥ ಸಾಹಸಿಗಳನ್ನು ಕೇಳಿದರೆ "ನಾನು ಮಾಡಲೇಬೇಕಾಗಿತ್ತು" ಎಂದೇ ಹೇಳುತ್ತಾರೆ. 1958ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಅರ್ಮ್‌ಸನ್ ಸಂತರು ಮತ್ತು ವೀರರ ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಗಮನಿಸಿದ್ದಾರೆ. ವೀರನು ತನ್ನ ಕೃತ್ಯವನ್ನು ಕರ್ತವ್ಯವೆಂದು ಹೇಳಬಹುದು, ಆದರೆ ಅದು ಅವನ ಕರ್ತವ್ಯವಾಗಿತ್ತೆಂದು ನಾವು ಹೇಳಲಾರೆವು. ಹಾಗಾದರೆ ವೀರನು ತನ್ನ ಬಗ್ಗೆ ತಾನೇ ತಪ್ಪು ತಿಳಿದಿದ್ದಾನೆಯೇ?

ಹನಫಿ ಮದ್‌ಹಬಿನ ಒಂದು ನಿಯಮದಿಂದ ಈ ಗಂಟು ಬಿಡಿಸಬಹುದೆಂದು ನನಗೆ ಅನ್ನಿಸುತ್ತದೆ. ನಫಿಲ್ ನಮಾಝ್ ಆರಂಭಿಸುವುದು ನಿಮ್ಮ ಇಚ್ಛೆ. ಆರಂಭಿಸಿದ ಮೇಲೆ ಪೂರ್ಣಗೊಳಿಸುವುದು ವಾಜಿಬ್, ನಡುವೆ ಮುರಿದರೆ ಮತ್ತೆ ನೆರವೇರಿಸಬೇಕು. (ಶಾಫಿಈ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ, ಆ ಚರ್ಚೆ ಇನ್ನೊಮ್ಮೆ.) ಗೋಪಿನಾಥಂನಲ್ಲಿ ಮನೆ ಹೂಡಿದ ದಿನವೇ ಶ್ರೀನಿವಾಸ್ ಅಂಥದೊಂದನ್ನು ಆರಂಭಿಸಿದ್ದರು. ನಂಬಿಕೆಯಿಂದ ಗೆಲ್ಲುತ್ತೇನೆಂದು ಒಂದು ಊರಿಗೇ ತೋರಿಸಿಕೊಟ್ಟವರಿಗೆ ಶರಣಾಗತಿಯ ಮಾತು ಬಂದಾಗ ಹಿಂದೆ ಸರಿಯುವುದು ಕಷ್ಟ. ಆ ಕಟ್ಟು ನಿಜವಾದದ್ದೇ. ಆದರೆ ಅದನ್ನು ಹಾಕಿಕೊಂಡವರು ಅವರು. ನಮಾಝಿಗೆ ನಿಂತವನ ವಾಜಿಬ್ ಪಕ್ಕದಲ್ಲಿ ಕುಳಿತವನಿಗೆ ಅಂಟುವುದಿಲ್ಲ. ಆದ್ದರಿಂದ ಅವರ "ಮಾಡಲೇಬೇಕು" ಎಂಬುದನ್ನು ಇನ್ನೊಬ್ಬ ಅಧಿಕಾರಿಯ ಹೆಗಲಿಗೆ ಹೊರಿಸಿ ಅವನನ್ನು ಹೇಡಿ ಎನ್ನುವ ಅಧಿಕಾರ ನಮಗಿಲ್ಲ.

ನಜ್ದ್‌ನಿಂದ ಬಂದ ವ್ಯಕ್ತಿಯ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಐದು ಹೊತ್ತಿನ ನಮಾಝ್, ರಮಝಾನಿನ ಉಪವಾಸ, ಝಕಾತ್ ಇವುಗಳನ್ನು ತಿಳಿದು, ಇದಕ್ಕಿಂತ ಹೆಚ್ಚೂ ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ ಎಂದು ಆಣೆ ಮಾಡಿ ಆತ ಎದ್ದು ಹೋದ. ಪ್ರವಾದಿವರ್ಯರು(ಸ) ಅವನನ್ನು ಗದರಿಸಲಿಲ್ಲ. ಮಾತಿಗೆ ತಪ್ಪದಿದ್ದರೆ ಅವನು ವಿಜಯಿ ಎಂದರು. ನಮ್ಮ ವೇದಿಕೆಗಳಿಂದ ಗದರಿಸುವವರಿಗೆ ಈ ಹದೀಸ್ ಅದೇಕೋ ನೆನಪಾಗುವುದಿಲ್ಲ.

ಇದು ನಮ್ಮ ಮನೆಬಾಗಿಲಿನ ವಿಷಯವೂ ಹೌದು. ಕೊಳ್ಳೇಗಾಲದ ಒಬ್ಬ ರೇಷ್ಮೆ ವ್ಯಾಪಾರಿ ಮಗ್ಗದವನಿಗೆ 20,000 ರೂಪಾಯಿ ಸಾಲ ಕೊಟ್ಟಿದ್ದಾನೆ ಎಂದಿಟ್ಟುಕೊಳ್ಳಿ. ಮಗ್ಗ ನಿಂತಿದೆ, ಸಾಲಗಾರನ ಕೈ ನಿಜವಾಗಿಯೂ ಬರಿದಾಗಿದೆ. ಅಲ್‌ಬಕರಃ ಅಧ್ಯಾಯದ 280ನೇ ವಚನದ ಪ್ರಕಾರ ಅವನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು. ಇದು ಕಡ್ಡಾಯ. ಬಾಗಿಲಿಗೆ ಹೋಗಿ ಪೀಡಿಸುವಂತಿಲ್ಲ. ಅದೇ ವಚನ, ಮನ್ನಾ ಮಾಡುವುದು ಇನ್ನೂ ಉತ್ತಮ ಎನ್ನುತ್ತದೆ. ಅದು ಐಚ್ಛಿಕ. ಸಾಮಾನ್ಯವಾಗಿ ಫರ್ಝ್ ನಫಿಲ್‌ಗಿಂತ ಶ್ರೇಷ್ಠ. ಇಲ್ಲಿ ಮಾತ್ರ ನಫಿಲ್ ಮೇಲುಗೈ ಪಡೆದಿದೆಯಲ್ಲ ಎಂದು ಫುಕಹಾಗಳು ಇದನ್ನೊಂದು ಒಗಟಿನಂತೆ ಚರ್ಚಿಸಿದ್ದಾರೆ. ಅವರಲ್ಲಿ ಕೆಲವರ ಉತ್ತರ ಸರಳವಾಗಿದೆ: ಮನ್ನಾ ಮಾಡಿದವನು ಕಾಲಾವಕಾಶವನ್ನೂ ಕೊಟ್ಟಂತಾಯಿತು, ಕಡ್ಡಾಯವು ಐಚ್ಛಿಕದೊಳಗೇ ಅಡಗಿದೆ.

ಈಗ ಜಮಾಅತಿನ ನಾಲ್ವರು ಹಿರಿಯರು ಆ ವ್ಯಾಪಾರಿಯನ್ನು ಕರೆಸಿ, ಎಲ್ಲರೆದುರು "ಬಿಟ್ಟುಬಿಡಿ, ಪುಣ್ಯ ಬರುತ್ತದೆ" ಎಂದು ಒತ್ತಾಯಿಸಿದರೆ? ನಾಚಿಕೆಗೆ ಅಂಜಿ ಬಿಟ್ಟುಕೊಟ್ಟ ಹಣ ದಾನವಲ್ಲ, ಕಿತ್ತುಕೊಂಡದ್ದು. ಗಂಡನ ಮಯ್ಯಿತ್ತಿನ ಮುಂದೆ ಹೆಂಗಸನ್ನು ಕೂರಿಸಿ "ಮಹ್ರ್ ಮಾಫ್ ಮಾಡಿದೆ ಎನ್ನಮ್ಮಾ" ಎನ್ನಿಸುವುದೂ ಇದೇ. ಅನ್ನಿಸಾ ಅಧ್ಯಾಯದ 4ನೇ ವಚನವು ಮನಃಪೂರ್ವಕ ಒಪ್ಪಿಗೆಯ ಷರತ್ತನ್ನು ಹಾಕಿದೆ. ಮಹ್ರ್ ಸತ್ತವನ ಮೇಲಿನ ಸಾಲ. ಆಸ್ತಿ ಹಂಚುವ ಮೊದಲು ಅದನ್ನು ತೀರಿಸುವುದು ವಾರಸುದಾರರ ಕರ್ತವ್ಯ. ಕರ್ತವ್ಯವಿರುವವರನ್ನು ಬಿಟ್ಟು, ಇಲ್ಲದವಳಿಂದ ಔದಾರ್ಯ ವಸೂಲಿ ಮಾಡುತ್ತೇವೆ!

ಇಷ್ಟು ಹೇಳಿದರೆ ಇನ್ನೊಂದು ಬದಿಯವರು ಖುಷಿಪಡುತ್ತಾರೆ: "ಹಾಗಾದರೆ ಅದೆಲ್ಲ ಮಹಾತ್ಮರಿಗೆ, ನಮಗಲ್ಲ." ಅವರಿಗಾಗಿ ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟವನ್ನು ನೆನಪಿಸುತ್ತೇನೆ. ಡಾ. ಎಚ್. ಸುದರ್ಶನ್ ಅಲ್ಲಿ ಸೋಲಿಗರ ನಡುವೆ ವೈದ್ಯಕೀಯ ಸೇವೆಗೆ ನಿಂತು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಬೆಂಗಳೂರಿನಲ್ಲಿ ಓದಿದ ಆ ವೈದ್ಯ ಬೆಟ್ಟ ಹತ್ತಲೇಬೇಕಾಗಿರಲಿಲ್ಲ. ಆದರೆ ಬೆಟ್ಟದ ಜನರಿಗೆ ಚಿಕಿತ್ಸೆ ಸಿಗಲೇಬೇಕಾಗಿತ್ತು. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ನಮ್ಮವರು ಗಮನಿಸುವುದಿಲ್ಲ. ಯಾವ ಒಬ್ಬನಿಗೂ ಕಡ್ಡಾಯವಲ್ಲದ್ದು ಎಲ್ಲರಿಗೂ ಸೇರಿ ಕಡ್ಡಾಯವಾಗಬಹುದು. ಅದಕ್ಕೆ ಫರ್ಝ್ ಕಿಫಾಯ ಎನ್ನುತ್ತಾರೆ. ಜನಾಝಾ ನಮಾಝಿನಂತೆ, ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಇಮಾಮ್ ಗಝಾಲಿಯವರು ವೈದ್ಯಶಾಸ್ತ್ರವನ್ನು ಇದೇ ಪಟ್ಟಿಗೆ ಸೇರಿಸಿದ್ದಾರೆ. ಊರಿನಲ್ಲಿ ಮುಸ್ಲಿಮ್ ವೈದ್ಯನಿಲ್ಲದಿದ್ದರೂ ಎಲ್ಲರೂ ಫಿಕ್ಹ್ ಓದಲು ಮುಗಿಬೀಳುತ್ತಾರಲ್ಲ ಎಂದು ಅವರು ತಮ್ಮ ಕಾಲದ ವಿದ್ಯಾರ್ಥಿಗಳನ್ನು ಆಕ್ಷೇಪಿಸಿದ್ದಾರೆ. ಮದ್ರಸದಲ್ಲಿ ಕಲಿತು ಮದ್ರಸದಲ್ಲೇ ಕಲಿಸುವ ನನಗೆ ಆ ಪುಟ ಓದುವಾಗ ಕಸಿವಿಸಿಯಾಗುತ್ತದೆ.

ಸುದರ್ಶನ್ ಅವರನ್ನು ಸಂತ ಎಂದು ಕೈಮುಗಿಯುವಾಗ ನಾವು ಮಾಡುವುದು ಇದನ್ನೇ. ನಮ್ಮೆಲ್ಲರ ಪಾಲಿನ ಸಾಲವನ್ನು ಒಬ್ಬರೇ ತೀರಿಸಿದರು, ನಾವು ಅದಕ್ಕೆ ಅವರ ಔದಾರ್ಯವೆಂಬ ಹೆಸರಿಟ್ಟು ಹಗುರಾದೆವು. ಬೆಟ್ಟಕ್ಕೆ ಹೋಗಿ ನೆಲೆಸೆಂದು ನಾನು ಯಾರ ಮಗನಿಗೂ ಹೇಳುವುದಿಲ್ಲ, ಹೇಳುವ ಹಕ್ಕೂ ಇಲ್ಲ. ಆದರೆ ನಮ್ಮ ಮೊಹಲ್ಲಾದಲ್ಲಿ ನರ್ಸಿಂಗ್ ಓದಬೇಕೆಂದಿರುವ ಹುಡುಗಿಯ ಶುಲ್ಕಕ್ಕೆ ಯಾರ್ಯಾರು ಎಷ್ಟೆಷ್ಟು ಹಾಕಬೇಕೆಂದು ಮುಂದಿನ ಜುಮಾದ ನಂತರ ಕುಳಿತು ಲೆಕ್ಕ ಹಾಕಲು ನಮ್ಮಲ್ಲಿ ಯಾರೂ ಮಹಾತ್ಮರಾಗಬೇಕಾಗಿಲ್ಲ.